ಗೆದ್ದರೆ ಅವನಿಗೆ 232, ನನಗೆ 13 ಯಾಕೆ? ರೇಟಿಂಗ್ ಲೆಕ್ಕವನ್ನು ಕೈಯಾರೆ ಮಾಡಿ ನೋಡೋಣ

ಆನ್‌ಲೈನ್ ಗೇಮ್ ಆಡುವವರ ನಡುವೆ ಪದೇ ಪದೇ ಬರುವ ದೂರು ಒಂದಿದೆ. "ಇಬ್ಬರೂ ಒಂದೇ ಎದುರಾಳಿಯನ್ನು ಸೋಲಿಸಿದೆವು. ಅವನಿಗೆ ಇನ್ನೂರು ಪಾಯಿಂಟ್ ಮೇಲೆ ಬಂತು, ನನಗೆ ಹದಿಮೂರು. ಇದು ಮೋಸ ಅಲ್ವಾ?" ನನ್ನ ತಮ್ಮನೂ ಒಮ್ಮೆ ಹೀಗೇ ಸಿಟ್ಟಾಗಿ ಕೇಳಿದ್ದ. ಅವತ್ತು ಕಾಗದ, ಪೆನ್ನು ತೆಗೆದುಕೊಂಡು ಲೆಕ್ಕ ಮಾಡಿ ತೋರಿಸಿದೆ. ಅದೇ ಲೆಕ್ಕವನ್ನು ಇಲ್ಲಿ ಮೊದಲಿನಿಂದ ಮಾಡೋಣ. ಕೂಡು, ಕಳೆ, ಗುಣಿಸು, ಭಾಗಿಸು ಗೊತ್ತಿದ್ದು, ಕೈಯಲ್ಲಿ ಒಂದು ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಶುರು ಮಾಡುವ ಮೊದಲು ಒಂದು ಮಾತು. ರೇಟಿಂಗ್ ಅನ್ನೋದು ಬಹುಮಾನವಲ್ಲ, ಊಹೆ. ನಿಮ್ಮ ಆಟದ ಮಟ್ಟ ಎಷ್ಟು ಅಂತ ಸಿಸ್ಟಮ್‌ಗೆ ನೇರವಾಗಿ ಕಾಣುವುದಿಲ್ಲ. ಅದಕ್ಕೆ ಕಾಣುವುದು ಗೆಲುವು ಮತ್ತು ಸೋಲು ಮಾತ್ರ. ಅಷ್ಟರಿಂದಲೇ ಅದು ನಿಮ್ಮ ಮಟ್ಟವನ್ನು ಊಹಿಸಬೇಕು. ಆ ಊಹೆಯ ಬಗ್ಗೆ ತನಗೆ ಎಷ್ಟು ಭರವಸೆ ಇದೆ ಅನ್ನೋದನ್ನೂ ಲೆಕ್ಕ ಇಟ್ಟುಕೊಳ್ಳಬೇಕು. ತಮ್ಮನ ಪ್ರಶ್ನೆಗೆ ಉತ್ತರ ಇರುವುದು ಈ ಎರಡನೇ ಭಾಗದಲ್ಲಿ.

ಹೆಜ್ಜೆ 1: ಪಂದ್ಯಕ್ಕೆ ಮೊದಲೇ ಭವಿಷ್ಯ ಹೇಳಿ

ಈ ಲೆಕ್ಕಗಳ ಮೂಲ ಚದುರಂಗದಲ್ಲಿದೆ. ಅರ್ಪಾಡ್ ಈಲೋ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಇದನ್ನು ರೂಪಿಸಿದರು. ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲಿ, ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಡೆ 1970ರಲ್ಲಿ ಇದನ್ನು ಒಪ್ಪಿಕೊಂಡವು. ಈಲೋ ಪದ್ಧತಿ ಮೊದಲು ಮಾಡುವುದು ಒಂದೇ ಕೆಲಸ. ಇಬ್ಬರ ರೇಟಿಂಗ್ ಅಂತರ ನೋಡಿ, ಗೆಲ್ಲುವ ಸಾಧ್ಯತೆ ಎಷ್ಟು ಅಂತ ಹೇಳುತ್ತದೆ.

```
E = 1 / (1 + 10^((Rb - Ra) / 400))
```

ಇಲ್ಲಿ `Ra` ನಿಮ್ಮ ರೇಟಿಂಗ್, `Rb` ಎದುರಾಳಿಯದು, `E` ನಿಮ್ಮಿಂದ ನಿರೀಕ್ಷಿಸುವ ಅಂಕ. ಗೆಲುವಿಗೆ 1, ಸೋಲಿಗೆ 0 ಅಂತ ಇಟ್ಟುಕೊಳ್ಳಿ. ನೀವು 1500, ಎದುರಾಳಿ 1600 ಆದರೆ `E` ಸುಮಾರು 0.36 ಬರುತ್ತದೆ. ಅಂದರೆ ಇಂಥ 100 ಪಂದ್ಯ ಆಡಿದರೆ ನೀವು 36 ಗೆಲ್ಲಬಹುದು. ಅಂತರ 200 ಆದರೆ ಬಲಶಾಲಿಯ ಸಾಧ್ಯತೆ 76%, 400 ಆದರೆ 91%.

ರೇಟಿಂಗ್‌ನಲ್ಲಿ ಅರ್ಥ ಇರುವುದು ಈ ಅಂತರಕ್ಕೆ ಮಾತ್ರ, ಸಂಖ್ಯೆಗೆ ಅಲ್ಲ. ಎಲ್ಲರ ರೇಟಿಂಗ್‌ಗೂ 1000 ಕೂಡಿಸಿದರೆ ಒಂದು ಭವಿಷ್ಯವೂ ಬದಲಾಗುವುದಿಲ್ಲ. ಹಾಗಾಗಿ ಒಂದು ಗೇಮ್‌ನ 1800ನ್ನು ಇನ್ನೊಂದು ಗೇಮ್‌ನ 1800ರ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಒಂದೇ ಗೇಮ್‌ನಲ್ಲಿ ಎರಡು ಸರ್ವರ್‌ಗಳ ಆಟಗಾರರು ತಮ್ಮತಮ್ಮಲ್ಲೇ ಆಡುತ್ತಿದ್ದರೂ ಇದೇ ಮಾತು.

ಹೆಜ್ಜೆ 2: ಭವಿಷ್ಯ ಎಷ್ಟು ತಪ್ಪಿತೋ ಅಷ್ಟು ತಿದ್ದಿ

ಪಂದ್ಯ ಮುಗಿಯಿತು. ಈಗ ಬಂದ ಫಲಿತಾಂಶದಿಂದ, ಅಂದರೆ `S`ನಿಂದ, ನಿರೀಕ್ಷೆಯನ್ನು ಕಳೆಯಿರಿ. ಬಂದ ಉತ್ತರವನ್ನು `K` ಎಂಬ ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿ ರೇಟಿಂಗ್‌ಗೆ ಸೇರಿಸಿ.

```
Ra_new = Ra + K * (S - E)
```

`K` 32 ಇರಲಿ. 1600ರವನನ್ನು ಗೆದ್ದರೆ 32 × 0.64, ಅಂದರೆ 20.5 ಪಾಯಿಂಟ್ ಬರುತ್ತದೆ. ಸೋತರೆ 32 × 0.36, ಅಂದರೆ 11.5 ಹೋಗುತ್ತದೆ.

ಈಗ ಇದನ್ನು ನೂರು ಪಂದ್ಯಕ್ಕೆ ಲೆಕ್ಕ ಹಾಕಿ. 36 ಗೆಲುವಿಗೆ ತಲಾ 20.5 ಅಂದರೆ 738. 64 ಸೋಲಿಗೆ ತಲಾ 11.5 ಅಂದರೆ 736. ಹತ್ತಿರ ಹತ್ತಿರ ಸಮ. ನಿಮ್ಮ ರೇಟಿಂಗ್ ಸರಿಯಾಗಿದ್ದರೆ ಅದು ನಿಂತಲ್ಲೇ ನಿಲ್ಲುತ್ತದೆ. ತಪ್ಪಾಗಿದ್ದರೆ ಮಾತ್ರ ಸರಿಯಾದ ಜಾಗದ ಕಡೆಗೆ ಜರುಗುತ್ತದೆ. "ಎಷ್ಟು ಆಡಿದರೂ ಮೇಲೆ ಹೋಗ್ತಿಲ್ಲ" ಅನ್ನುವವರು ಈ ಎರಡು ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು. ಜಾಸ್ತಿ ಆಡಿದ್ದಕ್ಕೆ ಇಲ್ಲಿ ಪಾಯಿಂಟ್ ಇಲ್ಲ. ಸಿಸ್ಟಮ್‌ನ ನಿರೀಕ್ಷೆಗಿಂತ ಜಾಸ್ತಿ ಗೆದ್ದರೆ ಮಾತ್ರ ಇದೆ.

ಹೆಜ್ಜೆ 3: `K` ಯಾಕೆ ಸಾಲದು ಅಂತ ನೋಡಿ

ನಿಜವಾಗಿ 2000 ಮಟ್ಟದಲ್ಲಿ ಆಡಬಲ್ಲವನು ಹೊಸ ಅಕೌಂಟ್ ತೆರೆದ ಅಂದುಕೊಳ್ಳಿ. ಎಲ್ಲರಂತೆ 1500ರಿಂದ ಶುರು. ಸಿಸ್ಟಮ್ ಪ್ರತಿ ಸಲ ಅವನ ರೇಟಿಂಗ್‌ಗೆ ಸಮನಾದ ಎದುರಾಳಿಯನ್ನೇ ಕೊಡುತ್ತದೆ. ಸಮ ರೇಟಿಂಗ್ ಇದ್ದಾಗ ನಿರೀಕ್ಷೆ 0.5. ಹಾಗಾಗಿ ಪ್ರತಿ ಗೆಲುವಿಗೆ 16 ಪಾಯಿಂಟ್. 500 ಪಾಯಿಂಟ್ ಏರಬೇಕಾದರೆ ಒಂದೂ ಸೋಲದೆ 32 ಪಂದ್ಯ ಗೆಲ್ಲಬೇಕು. ನಿಜದಲ್ಲಿ ಮೇಲೆ ಹೋದಂತೆ ಅವನೂ ಸೋಲುತ್ತಾನೆ, ಇನ್ನೂ ಎಷ್ಟೋ ಪಂದ್ಯ ಬೇಕಾಗುತ್ತದೆ. ಅಷ್ಟರಲ್ಲಿ ಅವನ ಕೈಗೆ ಸಿಕ್ಕವರ ಗತಿ ನೋಡಿ. ತಮ್ಮ ತಪ್ಪಿಲ್ಲದೆ ತಲಾ 16 ಪಾಯಿಂಟ್ ಕಳೆದುಕೊಂಡರು.

ಹಾಗಾದರೆ `K`ಯನ್ನು 100 ಮಾಡಿದರೆ? ಹೊಸಬ ಬೇಗ ಏರುತ್ತಾನೆ, ಸರಿ. ಆದರೆ ಸಾವಿರ ಪಂದ್ಯ ಆಡಿದ ಹಳಬನೂ ಪ್ರತಿ ಪಂದ್ಯಕ್ಕೆ 50 ಪಾಯಿಂಟ್ ಮೇಲೆ ಕೆಳಗೆ ಜಿಗಿಯುತ್ತಾನೆ. ಅವನ ಮಟ್ಟ ಗೊತ್ತಿದ್ದರೂ ರೇಟಿಂಗ್ ಸುಮ್ನೆ ಅಲುಗಾಡುತ್ತಲೇ ಇರುತ್ತದೆ.

ಫಿಡೆ ಇದಕ್ಕೆ ಕಂಡುಕೊಂಡ ದಾರಿ ಮೂರು `K`ಗಳು: ಮೊದಲ 30 ಪಂದ್ಯ ಮುಗಿಯದ ಹೊಸಬರಿಗೆ 40, ಆಮೇಲೆ 20, ಒಮ್ಮೆ 2400 ಮುಟ್ಟಿದವರಿಗೆ 10. ಚದುರಂಗಕ್ಕೆ ಇದು ಹೇಗೋ ನಡೆಯುತ್ತದೆ. ಆದರೆ ಆರು ತಿಂಗಳು ಬಿಟ್ಟು ವಾಪಸ್ ಬಂದವನಿಗೆ ಯಾವ `K` ಕೊಡಬೇಕು? ಎದುರಾಳಿಯೇ ಹೊಸಬ, ಅವನ ರೇಟಿಂಗೇ ನಂಬಿಕೆಗೆ ಅರ್ಹವಲ್ಲ ಅಂದಾಗ ಏನು ಮಾಡಬೇಕು? ಈ ಪ್ರಶ್ನೆಗಳಿಗೆ `K` ಹತ್ತಿರ ಉತ್ತರ ಇಲ್ಲ.

ಹೆಜ್ಜೆ 4: ಒಂದರ ಬದಲು ಎರಡು ಸಂಖ್ಯೆ ಇಟ್ಟುಕೊಳ್ಳಿ

ಮಾರ್ಕ್ ಗ್ಲಿಕ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು 1995ರಲ್ಲಿ ಗ್ಲಿಕೋ ಪದ್ಧತಿಯನ್ನು ಕೊಟ್ಟರು. ಇದರಲ್ಲಿ ಪ್ರತಿ ಆಟಗಾರನಿಗೆ ರೇಟಿಂಗ್ ಜೊತೆಗೆ ಇನ್ನೊಂದು ಸಂಖ್ಯೆ ಇರುತ್ತದೆ. ಅದರ ಹೆಸರು ರೇಟಿಂಗ್ ಡೀವಿಯೇಷನ್, ಚಿಕ್ಕದಾಗಿ ಆರ್‌ಡಿ. ರೇಟಿಂಗ್ "ಇವನು ಎಲ್ಲಿದ್ದಾನೆ" ಅನ್ನುತ್ತದೆ, ಆರ್‌ಡಿ "ನನಗೆ ಎಷ್ಟು ಅನುಮಾನ ಇದೆ" ಅನ್ನುತ್ತದೆ.

ಓದುವುದು ಹೀಗೆ. ರೇಟಿಂಗ್‌ನಿಂದ ಆರ್‌ಡಿಯ ಎರಡು ಪಟ್ಟು ಕೆಳಗೆ, ಎರಡು ಪಟ್ಟು ಮೇಲೆ ಗೆರೆ ಎಳೆಯಿರಿ. ನಿಜವಾದ ಮಟ್ಟ ಆ ನಡುವೆ ಇರುವ ಸಾಧ್ಯತೆ ಸುಮಾರು 95%. ಹೊಸಬ 1500, ಆರ್‌ಡಿ 350ರಿಂದ ಶುರು ಮಾಡುತ್ತಾನೆ. ಅಂದರೆ ಅವನು 800ರಿಂದ 2200ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಸಿಸ್ಟಮ್ ಇಲ್ಲಿ "ನನಗೆ ಗೊತ್ತಿಲ್ಲ" ಅಂತ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಿದೆ. ಹಳಬನೊಬ್ಬ 1500, ಆರ್‌ಡಿ 60 ಅಂತಿರಲಿ. ಅವನು 1380ರಿಂದ 1620ರ ಒಳಗಿದ್ದಾನೆ. ಪರದೆಯ ಮೇಲೆ ಇಬ್ಬರಿಗೂ 1500 ಅಂತಲೇ ಕಾಣುತ್ತದೆ, ಒಳಗಿನ ಚಿತ್ರ ಮಾತ್ರ ಪೂರ್ತಿ ಬೇರೆ.

ಹೆಜ್ಜೆ 5: ಇಬ್ಬರನ್ನೂ ಒಂದೇ ಪಂದ್ಯ ಆಡಿಸಿ

ಈಗ ತಮ್ಮನ ದೂರಿಗೆ ಬರೋಣ. ಹೊಸಬ (1500, ಆರ್‌ಡಿ 350) ಮತ್ತು ಹಳಬ (1500, ಆರ್‌ಡಿ 60) ಬೇರೆ ಬೇರೆಯಾಗಿ ಒಬ್ಬನೇ ಎದುರಾಳಿಯ ಜೊತೆ ಆಡಿದರು. ಎದುರಾಳಿ 1600, ಆರ್‌ಡಿ 50. ಇಬ್ಬರೂ ಗೆದ್ದರು. ಗ್ಲಿಕೋ ಲೆಕ್ಕ ಇಷ್ಟೇ:

```python
from math import log, pi, sqrt

q = log(10) / 400

def g(rd):
    return 1 / sqrt(1 + 3 * q**2 * rd**2 / pi**2)

def update(r, rd, opp, opp_rd, s):
    k = g(opp_rd)
    e = 1 / (1 + 10 ** (-k * (r - opp) / 400))
    info = q**2 * k**2 * e * (1 - e)
    total = 1 / rd**2 + info
    return r + q / total * k * (s - e), sqrt(1 / total)

print(update(1500, 350, 1600, 50, 1))
print(update(1500, 60, 1600, 50, 1))
```

ಕೋಡ್ ಬರೆಯುವ ಅಭ್ಯಾಸ ಇಲ್ಲದವರು ಗಾಬರಿ ಆಗಬೇಡಿ. ಗಮನಿಸಬೇಕಾದದ್ದು `total` ಇರುವ ಒಂದು ಸಾಲು ಮಾತ್ರ. ಅದು ಎರಡು ತೂಕಗಳನ್ನು ಕೂಡಿಸುತ್ತಿದೆ. `1 / rd**2` ಅನ್ನೋದು ನಿಮ್ಮ ಬಗ್ಗೆ ಈವರೆಗೆ ಗೊತ್ತಿರುವುದರ ತೂಕ. `info` ಅನ್ನೋದು ಈ ಒಂದು ಪಂದ್ಯ ಹೇಳಿದ ಹೊಸ ವಿಷಯದ ತೂಕ.

ಹೊಸಬನ ವಿಷಯದಲ್ಲಿ ಹಳೆಯ ತೂಕ 0.00000816, ಹೊಸ ಪಂದ್ಯದ ತೂಕ 0.00000746. ಹತ್ತಿರ ಹತ್ತಿರ ಒಂದೇ. ಅಂದರೆ ಈ ಒಂದು ಪಂದ್ಯ, ಅವನ ಬಗ್ಗೆ ಮೊದಲಿದ್ದ ಎಲ್ಲ ತಿಳಿವಳಿಕೆಗೆ ಹೆಚ್ಚೂಕಡಿಮೆ ಸಮ. ಹಳಬನ ಹಳೆಯ ತೂಕ 0.000278. ಅದು ಹೊಸ ಪಂದ್ಯದ ತೂಕದ 37 ಪಟ್ಟು. ಸಾವಿರ ಪಂದ್ಯ ನೋಡಿದ ಮೇಲೆ ಇನ್ನೊಂದು ಪಂದ್ಯ ಹೇಳುವ ಹೊಸ ವಿಷಯ ಎಷ್ಟಿರುತ್ತದೆ?

ಉತ್ತರ ಹೀಗೆ ಬರುತ್ತದೆ. ಹೊಸಬ 1732ಕ್ಕೆ ಏರಿದ, ಆರ್‌ಡಿ 253ಕ್ಕೆ ಇಳಿಯಿತು. ಹಳಬ 1513ಕ್ಕೆ ಏರಿದ, ಆರ್‌ಡಿ 59. ಒಬ್ಬನಿಗೆ 232, ಇನ್ನೊಬ್ಬನಿಗೆ 13.

ಹೊಸಬನಿಗೆ ಲಾಟರಿ ಹೊಡೆಯಿತು ಅನ್ನಿಸುತ್ತದೆ. ಆದರೆ ಅವನ ಗೆರೆಗಳನ್ನು ಮತ್ತೆ ಎಳೆದು ನೋಡಿ. ಮೊದಲು 800ರಿಂದ 2200 ಇತ್ತು. ಈಗ 1226ರಿಂದ 2238. ಮೇಲಿನ ಗೆರೆ ಬರೀ 38 ಪಾಯಿಂಟ್ ಅಲುಗಿದೆ. ಕೆಳಗಿನ ಗೆರೆ 426 ಪಾಯಿಂಟ್ ಮೇಲೆ ಬಂದಿದೆ. ಈ ಗೆಲುವು "ಅವನು ಮಹಾ ಆಟಗಾರ" ಅಂತ ಹೇಳಿಲ್ಲ, "ಅವನು ತೀರಾ ಕೆಳಗಿನವನಲ್ಲ" ಅಂತ ಹೇಳಿದೆ. ಕೆಳಗಿನ ಸಾಧ್ಯತೆಗಳು ಕತ್ತರಿಸಿ ಹೋದಾಗ ನಡುಬಿಂದು ತಾನಾಗಿ ಮೇಲೆ ಸರಿಯಿತು. ಇದನ್ನು ತೋರಿಸಿದ ಮೇಲೆ ನನ್ನ ತಮ್ಮ ವಾದ ನಿಲ್ಲಿಸಿದ.

ಸೋತ ಎದುರಾಳಿಯ ಕಡೆಯನ್ನೂ ನೋಡಬೇಕು. ಹಳಬನಿಗೆ ಸೋತಾಗ ಅವನಿಗೆ ಹೋದದ್ದು ಸುಮಾರು 9 ಪಾಯಿಂಟ್. ಹೊಸಬನಿಗೆ ಸೋತಾಗ 6 ಮಾತ್ರ. ಕಾರಣ ಕೋಡ್‌ನಲ್ಲಿರುವ `g`. ಎದುರಾಳಿಯ ಆರ್‌ಡಿ ಜಾಸ್ತಿ ಇದ್ದಷ್ಟೂ `g` ಕಡಿಮೆ ಆಗುತ್ತದೆ, ಆ ಪಂದ್ಯದ ಮಾತಿಗೆ ಬೆಲೆ ಇಳಿಯುತ್ತದೆ. "ನಿನ್ನನ್ನು ಸೋಲಿಸಿದವನು ಯಾರು ಅಂತ ನನಗೇ ಸರಿಯಾಗಿ ಗೊತ್ತಿಲ್ಲ, ಅದಕ್ಕೆ ನಿನಗೆ ಜಾಸ್ತಿ ಶಿಕ್ಷೆ ಕೊಡಲ್ಲ" ಅಂದ ಹಾಗೆ. ಈಲೋದಲ್ಲಿ ಇಬ್ಬರಿಗೂ ಒಂದೇ `K` ಇದ್ದರೆ ಗೆದ್ದವನಿಗೆ ಬಂದಷ್ಟೇ ಸೋತವನಿಗೆ ಹೋಗುತ್ತಿತ್ತು. ಇಲ್ಲಿ ಆ ಜೋಡಣೆ ಇಲ್ಲ. ಅಪರಿಚಿತ ಅಕೌಂಟಿನ ಬಲಶಾಲಿ ಕೈಗೆ ಸಿಕ್ಕವರಿಗೆ ಇದು ದೊಡ್ಡ ರಕ್ಷಣೆ.

ನೀವೇ ಒಂದು ಲೀಗ್‌ಗೆ ಇದನ್ನು ಬರೆಯುತ್ತಿದ್ದರೆ ಒಂದು ತಪ್ಪನ್ನು ತಪ್ಪಿಸಿ. ಗೆದ್ದವನನ್ನು ಮೊದಲು ತಿದ್ದಿ, ಅವನ ಹೊಸ ರೇಟಿಂಗ್ ಹಿಡಿದು ಸೋತವನ ಲೆಕ್ಕ ಮಾಡಬೇಡಿ. ಇಬ್ಬರಿಗೂ ಪಂದ್ಯಕ್ಕೆ ಮೊದಲಿದ್ದ ಸಂಖ್ಯೆಗಳೇ ಬೇಕು. ಈ ತಪ್ಪಾದಾಗ ಪ್ರೋಗ್ರಾಮ್ ದೂರು ಹೇಳುವುದಿಲ್ಲ, ಉತ್ತರ ಮಾತ್ರ ಸದ್ದಿಲ್ಲದೆ ಹಾಳಾಗುತ್ತದೆ. ಪತ್ತೆ ಮಾಡುವುದು ಸುಲಭ: ತಿದ್ದುವ ಕ್ರಮ ಅದಲು ಬದಲು ಮಾಡಿ, ಅಂದರೆ ಸೋತವನನ್ನು ಮೊದಲು ತಿದ್ದಿ, ಅದೇ ಪಂದ್ಯವನ್ನು ಮತ್ತೆ ಓಡಿಸಿ. ಉತ್ತರ ಬದಲಾದರೆ ತಪ್ಪು ಅಲ್ಲೇ ಇದೆ.

ಹೆಜ್ಜೆ 6: ಆಡದೆ ಇದ್ದಾಗ ಅನುಮಾನ ಬೆಳೆಸಿ

ಪ್ರತಿ ಪಂದ್ಯಕ್ಕೂ ಆರ್‌ಡಿ ಇಳಿಯುತ್ತದೆ ಅಂದೆ. ಹಾಗೇ ಬಿಟ್ಟರೆ ಒಂದು ದಿನ ಅದು ಸೊನ್ನೆಯ ಹತ್ತಿರ ಹೋಗಿ ರೇಟಿಂಗ್ ಕಲ್ಲಿನಂತೆ ಕೂರುತ್ತದೆ. ನೀವು ಎಷ್ಟು ಸುಧಾರಿಸಿದರೂ ಅಲುಗುವುದಿಲ್ಲ. ಅದಕ್ಕೇ ಆರ್‌ಡಿ 30ಕ್ಕಿಂತ ಕೆಳಗೆ ಹೋಗದಂತೆ ತಡೆಯಬಹುದು ಅಂತ ಗ್ಲಿಕ್‌ಮನ್ ಸಲಹೆ ಕೊಟ್ಟಿದ್ದಾರೆ.

ಜೊತೆಗೆ ಸಮಯ ಕಳೆದಂತೆ ಆರ್‌ಡಿಯನ್ನು ಬೆಳೆಸಬೇಕು.

```
RD_new = min(sqrt(RD^2 + c^2 * t), 350)
```

`t` ಅಂದರೆ ಆಡದೆ ಕಳೆದ ವಾರಗಳು. `c` ಎಷ್ಟು ಅಂತ ನೀವೇ ತೀರ್ಮಾನಿಸಬೇಕು. ಒಂದು ದಾರಿ ಇದೆ. ಆರ್‌ಡಿ 50 ಇರುವ ಆಟಗಾರ ಎಷ್ಟು ಕಾಲ ಆಡದಿದ್ದರೆ ಹೊಸಬನಷ್ಟೇ ಅಪರಿಚಿತ ಆಗುತ್ತಾನೆ ಅಂತ ಕೇಳಿಕೊಳ್ಳಿ. 100 ವಾರ ಅಂದರೆ, 350ರ ವರ್ಗದಿಂದ 50ರ ವರ್ಗ ಕಳೆದು 100ರಿಂದ ಭಾಗಿಸಿ. 1200 ಬರುತ್ತದೆ, ಅದೇ `c^2`. ಈಗ ನಮ್ಮ ಹಳಬ 10 ವಾರ ಆಡಲಿಲ್ಲ ಅನ್ನಿ. 3600ಕ್ಕೆ 12000 ಕೂಡಿಸಿ ವರ್ಗಮೂಲ ತೆಗೆದರೆ ಆರ್‌ಡಿ 60ರಿಂದ 125ಕ್ಕೆ ಏರಿರುತ್ತದೆ. ಬಿಡುವಿನ ನಂತರ ಬಂದ ಮೊದಲ ಸೋಲುಗಳು ಇಷ್ಟು ಜೋರಾಗಿ ಯಾಕೆ ಹೊಡೆಯುತ್ತವೆ ಅನ್ನೋದಕ್ಕೆ ಇದೇ ಕಾರಣ. ಅದೇ ಹೊತ್ತಲ್ಲಿ ಗೆದ್ದರೆ ಲಾಭವೂ ಅಷ್ಟೇ ಜೋರು.

ಕೆಲವು ಕಡೆ ಈ ಅನುಮಾನ ನಿಮಗೂ ಕಾಣುತ್ತದೆ. ಆನ್‌ಲೈನ್ ಚೆಸ್ ತಾಣವಾದ ಲಿಚೆಸ್ ಬಳಸುವುದು ಗ್ಲಿಕೋದ ಮುಂದಿನ ರೂಪವಾದ ಗ್ಲಿಕೋ-2. ಅಲ್ಲಿ ಡೀವಿಯೇಷನ್ 110ಕ್ಕಿಂತ ಜಾಸ್ತಿ ಇದ್ದರೆ ರೇಟಿಂಗ್ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಡೋಟಾ 2 ಕೂಡ 2023ರಲ್ಲಿ ಗ್ಲಿಕೋ ಆಧಾರದ ಲೆಕ್ಕಕ್ಕೆ ಬಂದು, ರ್‍ಯಾಂಕ್ ಜೊತೆ ಭರವಸೆಯ ಮಟ್ಟವನ್ನೂ ತೋರಿಸತೊಡಗಿತು. ಎಲ್ಲ ಗೇಮ್‌ಗಳೂ ಹೀಗೆ ತೋರಿಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬರೀ ಒಂದು ಸಂಖ್ಯೆ ತೋರಿಸಿದಾಗಲೇ ಆಟಗಾರನಿಗೆ ಮೋಸ ಆಯಿತು ಅನ್ನಿಸುವುದು.

ಹೆಜ್ಜೆ 7: ತಂಡದ ಆಟದಲ್ಲಿ ಪಾಲು ಹಂಚಿ

ಐದು ಜನರ ತಂಡ ಗೆದ್ದರೆ ಯಾರಿಗೆ ಎಷ್ಟು? ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಎಕ್ಸ್‌ಬಾಕ್ಸ್ ಲೈವ್‌ಗಾಗಿ ರೂಪುಗೊಂಡ ಟ್ರೂಸ್ಕಿಲ್ ಇದನ್ನು ಚೆನ್ನಾಗಿ ಬಿಡಿಸಿತು. ಅಲ್ಲಿಯೂ ಆಟಗಾರನಿಗೆ ಎರಡು ಸಂಖ್ಯೆ: ಊಹೆ 25ರಿಂದ, ಅನುಮಾನ 8.33ರಿಂದ ಶುರು. ತಂಡದ ಬಲ ಅಂದರೆ ಸದಸ್ಯರ ಬಲಗಳ ಮೊತ್ತ. ಫಲಿತಾಂಶ ಬಂದಾಗ ತಿದ್ದುಪಡಿಯನ್ನು ಪ್ರತಿಯೊಬ್ಬನ ಅನುಮಾನದ ವರ್ಗಕ್ಕೆ ತಕ್ಕಂತೆ ಹಂಚುತ್ತದೆ. ಅನುಮಾನ 8.33 ಇರುವ ಹೊಸಬ ಮತ್ತು 2 ಇರುವ ಹಳಬ ಒಂದೇ ತಂಡದಲ್ಲಿದ್ದರೆ 69.4ಕ್ಕೆ 4ರ ಅನುಪಾತ. ಹೊಸಬ ಹಳಬನಿಗಿಂತ 17 ಪಟ್ಟು ಜಾಸ್ತಿ ಜರುಗುತ್ತಾನೆ. ಒಳಗಿನ ತರ್ಕ ಹೆಜ್ಜೆ 5ರಲ್ಲಿ ಕಂಡದ್ದೇ.

ಇಲ್ಲಿ ಒಂದು ನಿಜವಾದ ಮಿತಿ ಇದೆ. ಇಬ್ಬರು ಗೆಳೆಯರು ಯಾವಾಗಲೂ ಜೊತೆಯಲ್ಲೇ ಆಡುತ್ತಾರೆ, ಒಮ್ಮೆಯೂ ಬೇರೆ ಆಡಿಲ್ಲ ಅಂದುಕೊಳ್ಳಿ. ಒಬ್ಬ 30, ಇನ್ನೊಬ್ಬ 20 ಇರಬಹುದು. ಇಬ್ಬರೂ 25 ಇರಬಹುದು. ಮೊತ್ತ ಎರಡೂ ಕಡೆ 50. ಸಿಸ್ಟಮ್‌ಗೆ ಸಿಗುವುದು ಮೊತ್ತದ ಸುದ್ದಿ ಮಾತ್ರ, ಆದ್ದರಿಂದ ಸಾವಿರ ಪಂದ್ಯ ಆದರೂ ಇವರನ್ನು ಬಿಡಿಸಿ ನೋಡಲು ಅದಕ್ಕೆ ಸಾಧ್ಯವಿಲ್ಲ. ಆಮೇಲೆ ಅವರಲ್ಲಿ ದುರ್ಬಲ ಒಬ್ಬನೇ ಆಡಲು ಬಂದರೆ ಎಲ್ಲರಿಗೂ ಕಷ್ಟ. ಹಲವು ಗೇಮ್‌ಗಳು ಒಬ್ಬರೇ ಆಡುವ ಸಾಲನ್ನೂ ಗುಂಪಿನ ಸಾಲನ್ನೂ ಬೇರೆ ಇಡುವುದಕ್ಕೆ ಇದೂ ಒಂದು ಕಾರಣ.

ಪರದೆಯ ಮೇಲಿನ ರ್‍ಯಾಂಕ್ ಬೇರೆ, ಒಳಗಿನ ಊಹೆ ಬೇರೆ ಅನ್ನೋದನ್ನೂ ಟ್ರೂಸ್ಕಿಲ್‌ನಲ್ಲೇ ನೋಡಬಹುದು. ಪಟ್ಟಿಯಲ್ಲಿ ಅದು ತೋರಿಸುವುದು ಊಹೆಯಿಂದ ಅನುಮಾನದ ಮೂರು ಪಟ್ಟು ಕಳೆದ ಸಂಖ್ಯೆ. ಹೊಸಬನಿಗೆ 25ರಿಂದ 25 ಕಳೆದು ಸೊನ್ನೆ. ಮುಂದೆ ಅವನು ಅರ್ಧ ಗೆದ್ದು ಅರ್ಧ ಸೋತು 25ರಲ್ಲೇ ಇದ್ದರೂ, ಅನುಮಾನ 2ಕ್ಕೆ ಇಳಿದಾಗ ಪರದೆಯಲ್ಲಿ 19 ಕಾಣುತ್ತದೆ. ಅವನು ಬೆಳೆದಿಲ್ಲ, ಸಿಸ್ಟಮ್‌ನ ಅನುಮಾನ ಕರಗಿದೆ ಅಷ್ಟೇ.

ಹೆಜ್ಜೆ 8: ಊಹೆ ಸರಿಯಿದೆಯೇ ಅಂತ ಪರೀಕ್ಷಿಸಿ

ಗೆಲುವಿನ ಶೇಕಡಾವಾರು ನೋಡಿ ರೇಟಿಂಗ್ ಸಿಸ್ಟಮ್‌ನ ಗುಣ ಅಳೆಯಬೇಡಿ. ಸಮಬಲದ ಎದುರಾಳಿ ಸಿಕ್ಕರೆ ಎಲ್ಲರದೂ 50%ಗೆ ಬರಲೇಬೇಕು. "ಗೇಮ್ ಬೇಕಂತಲೇ ನನ್ನನ್ನು 50%ಗೆ ಎಳೀತಿದೆ" ಅನ್ನುವವರು ತಮ್ಮ ಸತತ ಸೋಲುಗಳನ್ನು ಸಾಕ್ಷಿಯಾಗಿ ತೋರಿಸುತ್ತಾರೆ. ಆದರೆ ನಾಣ್ಯವನ್ನು 500 ಸಲ ಚಿಮ್ಮಿಸಿದರೂ ಒಂದೇ ಮುಖ ಸಾಲಾಗಿ ಏಳೆಂಟು ಸಲ ಬೀಳುವುದು ಸಹಜ. 500 ಪಂದ್ಯದಲ್ಲಿ ಎಂಟು ಸತತ ಸೋಲು ಒಮ್ಮೆ ಬಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಸರಿಯಾದ ಪರೀಕ್ಷೆ ಹೆಜ್ಜೆ 1ರ ಭವಿಷ್ಯಕ್ಕೆ ವಾಪಸ್ ಹೋಗುತ್ತದೆ. ಪ್ರತಿ ಪಂದ್ಯಕ್ಕೂ ಮೊದಲು ಬಂದ `E`ಯನ್ನು ಬರೆದಿಡಿ. ಆಮೇಲೆ ಒಂದೇ ಥರದ ಭವಿಷ್ಯಗಳನ್ನು ಒಟ್ಟು ಮಾಡಿ. ಸಿಸ್ಟಮ್ 60ರಿಂದ 65% ಅಂದ ಪಂದ್ಯಗಳಲ್ಲಿ ನಿಜವಾಗಿ ಎಷ್ಟು ಗೆಲುವು ಬಂತು ಅಂತ ಎಣಿಸಿ. 62ರ ಹತ್ತಿರ ಬಂದರೆ ಸಿಸ್ಟಮ್ ಮಾತಿಗೆ ನಿಂತಿದೆ. ಬರೀ 54 ಬಂದರೆ, ಅದೇ ರೀತಿ 80% ಅಂದದ್ದು 68 ಆದರೆ, ಸಿಸ್ಟಮ್ ತನ್ನ ಭವಿಷ್ಯವನ್ನು ಅತಿಯಾಗಿ ನಂಬಿಕೊಂಡಿದೆ. ರೇಟಿಂಗ್‌ಗಳು ನಿಜಕ್ಕಿಂತ ಜಾಸ್ತಿ ಹರಡಿಕೊಂಡಿವೆ. ಆಗ ಮೊದಲು `c` ಜಾಸ್ತಿ ಮಾಡಿ ನೋಡಿ. ಆರ್‌ಡಿ ಏರಿದರೆ `g` ಇಳಿಯುತ್ತದೆ, ಭವಿಷ್ಯ ನಡುವಿಗೆ ಹತ್ತಿರ ಬರುತ್ತದೆ. 54ರ ಬದಲು 70 ಬಂದರೆ ತೊಂದರೆ ಉಲ್ಟಾ: ಬಲಶಾಲಿಗಳು ಇನ್ನೂ ತಮ್ಮ ಜಾಗಕ್ಕೆ ತಲುಪಿಲ್ಲ.

ಒಂದು ಗುಂಪಿನಲ್ಲಿ ಪಂದ್ಯಗಳು ಸಾಕಷ್ಟು ಇರಬೇಕು ಅನ್ನೋದು ನೆನಪಿರಲಿ. 100 ಪಂದ್ಯ ಮಾತ್ರ ಇದ್ದರೆ ಅದೃಷ್ಟದಿಂದಲೇ 5 ಅಂಕ ಆಚೆ ಈಚೆ ಆಗುತ್ತದೆ, ಒಮ್ಮೊಮ್ಮೆ 10 ಕೂಡ. 62 ಬರಬೇಕಾದಲ್ಲಿ 54 ಬಂತು ಅಂತ ಅಷ್ಟಕ್ಕೇ `c` ಮುಟ್ಟಬೇಡಿ. 2500 ಪಂದ್ಯ ಸೇರಿದಾಗ ಆ ಅಲುಗಾಟ 1 ಅಂಕಕ್ಕೆ ಇಳಿಯುತ್ತದೆ. ಆಗಲೂ 54 ನಿಂತಿದ್ದರೆ ಕೈ ಹಾಕಿ.